ಕಂಬಿ ಮೇಲಿದ್ದರೇ ಬಾಲ್ಕನಿ

ಊರಲ್ಲೋ ಪುಣೆಯಲ್ಲೋ ಮನೆ ಕಟ್ಟಿಸುತ್ತಿದ್ದರೆ, ಕಾಂಕ್ರೀಟ್ ಸುರಿಯುವ ಮುನ್ನ ಬಾಲ್ಕನಿಯ ಕಂಬಿ ನೋಡಿ. 1.2 ಮೀಟರ್ ಹೊರಚಾಚಿದ ಸ್ಲ್ಯಾಬ್ ಬಾಗಿದಾಗ ಹಿಗ್ಗುವುದು ಅದರ ಮೇಲ್ಮೈ. ಹಾಗಾಗಿ ಮುಖ್ಯ ಕಂಬಿ ಮೇಲೆಯೇ ಇರಬೇಕು. ರೂಢಿಯಂತೆ ಚಾಚಿನ ಒಂದೂವರೆ ಪಟ್ಟು, ಅಂದರೆ 1.8 ಮೀಟರ್, ಕೋಣೆಯ ಸ್ಲ್ಯಾಬಿನೊಳಗೂ ಸಾಗಬೇಕು.

ಐಎಸ್ 456ರಂತೆ ಚಾಚನ್ನು ಕಂಬಿಯ ಆಳದಿಂದ ಭಾಗಿಸಿದರೆ ಮೂಲ ಮಿತಿ 7. ಕಂಬಿ ಲೆಕ್ಕ ನೋಡಿ ಸ್ವಲ್ಪ ಏರಿಸಬಹುದು. 150 ಮಿ.ಮೀ. ಸ್ಲ್ಯಾಬಿನಲ್ಲಿ ಕೆಳಮೈಯಿಂದ ಕಂಬಿಗೆ ಆಳ 125 ಮಿ.ಮೀ., ಭಾಗಲಬ್ಧ 9.6. ಕಂಬಿ ಹೆಚ್ಚಿದ್ದರೆ ಸಾಕಾಗುತ್ತದೆ.

ಆದರೆ ಕೆಲಸದವರು ತುಳಿದು ಕಂಬಿ 40 ಮಿ.ಮೀ. ಕೆಳಗಿಳಿದರೆ, ಆಳ 85ಕ್ಕೆ ಬರುತ್ತದೆ. ಬಲ ಮೂರನೇ ಒಂದು ಭಾಗ ಹೋಯಿತು, ಭಾಗಲಬ್ಧ 14 ದಾಟಿತು. ಮುಂದೆ ಗೋಡೆಯಂಚಿನುದ್ದಕ್ಕೂ ಮೇಲೆ ಬಿರುಕು ಕಂಡರೆ, ಎಂಜಿನಿಯರನ್ನು ಕರೆಸಿ. ಕಂಬಿ ಕುಳಿತುಕೊಳ್ಳುವ ಚೇರ್‌ಗಳನ್ನು ಈಗಲೇ ಎಣಿಸಿಕೊಳ್ಳಿ.