ಗಲ್ಫ್‌ನಿಂದ ಊರಿಗೆ ಕಳುಹಿಸುವ ಹಣದ ಪೂರ್ಣ ವೆಚ್ಚವನ್ನು ತಿಳಿಸುವಂತೆ ಕೋರಿ ಮನವಿ ಪತ್ರ

ಇವರಿಗೆ,
ಪ್ರಾದೇಶಿಕ ನಿರ್ದೇಶಕರು,
ಭಾರತೀಯ ರಿಸರ್ವ್ ಬ್ಯಾಂಕ್,
ನೃಪತುಂಗ ರಸ್ತೆ, ಬೆಂಗಳೂರು.

ಇವರಿಂದ,
ದುಬೈ ಮತ್ತು ಶಾರ್ಜಾಗಳಲ್ಲಿ ದುಡಿಯುತ್ತಿರುವ ಕರಾವಳಿ ಕನ್ನಡಿಗರು.

ಮಾನ್ಯರೇ,

ಸಂಬಳ ಕೈಸೇರಿದ ಮೊದಲ ರಜಾದಿನವೇ ನಾವು ಎಕ್ಸ್‌ಚೇಂಜ್ ಅಂಗಡಿಯ ಸರದಿಯಲ್ಲಿ ನಿಲ್ಲುತ್ತೇವೆ. ಅಲ್ಲಿ ಕಣ್ಣಿಗೆ ಬೀಳುವುದು ಶುಲ್ಕ ಮಾತ್ರ. ನಿಜವಾದ ಖರ್ಚು ಇರುವುದು ದರದಲ್ಲಿ. ಮಾರುಕಟ್ಟೆಯಲ್ಲಿ ದಿರ್ಹಮ್‌ಗೆ 23 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಒಂದು ಅಂಗಡಿ ‘ಶುಲ್ಕವಿಲ್ಲ’ ಎಂದು ಹೇಳಿ 22.60 ರೂಪಾಯಿ ಕೊಡುತ್ತದೆ. ಇನ್ನೊಂದು 15 ದಿರ್ಹಮ್ ಶುಲ್ಕ ಮುರಿದುಕೊಂಡು 22.95 ಕೊಡುತ್ತದೆ. 500 ದಿರ್ಹಮ್ ಕಳುಹಿಸುವವನಿಗೆ ಮೊದಲನೆಯದೇ ಲಾಭ: ಅಲ್ಲಿ 11,300 ರೂಪಾಯಿ, ಇಲ್ಲಿ ಸುಮಾರು 11,130. ಅದೇ 2,000 ದಿರ್ಹಮ್ ಆದರೆ ಲೆಕ್ಕ ತಿರುಗುತ್ತದೆ. ಮೊದಲನೆಯದರಲ್ಲಿ 45,200, ಎರಡನೆಯದರಲ್ಲಿ ಸುಮಾರು 45,555. ಮಾರುಕಟ್ಟೆ ದರಕ್ಕೆ ಹೋಲಿಸಿದರೆ ‘ಶುಲ್ಕವಿಲ್ಲ’ದ ಅಂಗಡಿ ಇಲ್ಲಿ 800 ರೂಪಾಯಿ ಉಳಿಸಿಕೊಂಡಿರುತ್ತದೆ. ಈ 800 ಯಾವ ರಸೀದಿಯಲ್ಲೂ ಕಾಣುವುದಿಲ್ಲ.

ದರ ಏರುವವರೆಗೆ ಕಾಯಿರಿ ಎಂಬ ಸಲಹೆ ನಮಗೆ ಸಾಕಷ್ಟು ಸಿಕ್ಕಿದೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ನಿಗದಿಯಾಗಿದೆ. ಹಾಗಾಗಿ ನಾವು ಕಾಯುವುದೆಂದರೆ ಡಾಲರಿನ ಎದುರು ರೂಪಾಯಿ ಕುಸಿಯಲೆಂದು ಕಾಯುವುದೇ. ಹತ್ತು ಪೈಸೆ ಏರಿದರೆ 2,000 ದಿರ್ಹಮ್‌ಗೆ ಸಿಗುವುದು 200 ರೂಪಾಯಿ. ಅಷ್ಟರೊಳಗೆ ಊರಿನಲ್ಲಿ ಮನೆಸಾಲದ ಕಂತು ತಪ್ಪಿದರೆ ದಂಡ ಅದಕ್ಕಿಂತ ಹೆಚ್ಚಾಗಬಹುದು. ಮೇಲಾಗಿ ನಮ್ಮಲ್ಲಿ ಅನೇಕರಿಗೆ ಬಿಡುವು ವಾರಾಂತ್ಯದಲ್ಲಿ ಮಾತ್ರ. ಆಗ ವಿನಿಮಯ ಮಾರುಕಟ್ಟೆ ಮುಚ್ಚಿರುವುದರಿಂದ, ಸೋಮವಾರದ ಏರಿಳಿತದ ಭಯಕ್ಕೆ ಅಂಗಡಿಯವರು ದರವನ್ನು ಇನ್ನಷ್ಟು ತಗ್ಗಿಸಿಡಬಹುದು. ದಿನದ ಆಯ್ಕೆ ನಮ್ಮ ಕೈಯಲ್ಲಿಲ್ಲ; ಅಂಗಡಿಯ ಆಯ್ಕೆಯಾದರೂ ತಿಳಿದು ಮಾಡುವಂತಿರಬೇಕು.

ಊರಿನ ತುದಿಯಲ್ಲೂ ಮಸುಕೇ. ಎಕ್ಸ್‌ಚೇಂಜ್ ಅಂಗಡಿಗಳು ರೂಪಾಯಿಯಲ್ಲೇ ಕಳುಹಿಸಿದರೆ ಪರಿವರ್ತನೆ ಅಲ್ಲೇ ಮುಗಿದಿರುತ್ತದೆ. ಬ್ಯಾಂಕಿನ ಮೂಲಕ ವಿದೇಶಿ ಹಣವಾಗಿ ಬಂದರೆ ಊರಿನ ಬ್ಯಾಂಕು ತನ್ನ ದರ ಹಾಕುತ್ತದೆ, ಪರಿವರ್ತನೆಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. 25,000 ರೂಪಾಯಿವರೆಗೆ ಅದು 45 ರೂಪಾಯಿ. ನಡುವಿನ ಬ್ಯಾಂಕು ಮುರಿದುಕೊಂಡದ್ದು ಬೇರೆ. ಮನೆಯವರಿಗೆ ಬರುವ ಸಂದೇಶದಲ್ಲಿ ಇರುವುದು ಜಮೆಯಾದ ಮೊತ್ತವೊಂದೇ. ಎಲ್ಲಿ ಎಷ್ಟು ಹೋಯಿತೆಂದು ಯಾರನ್ನು ಕೇಳಬೇಕೆಂದೂ ಅವರಿಗೆ ತಿಳಿಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ವಿದೇಶಿ ಎಕ್ಸ್‌ಚೇಂಜ್ ಸಂಸ್ಥೆಗಳೊಂದಿಗೆ ಒಪ್ಪಂದವಿರುವ ಭಾರತೀಯ ಬ್ಯಾಂಕುಗಳು, ಹಣ ಕಟ್ಟುವ ಮುನ್ನವೇ ಆ ದಿನದ ಮಾರುಕಟ್ಟೆ ದರ, ಅಂಗಡಿಯ ದರ, ಶುಲ್ಕ ಹಾಗೂ ಊರಿನಲ್ಲಿ ಕೈಸೇರುವ ರೂಪಾಯಿಯನ್ನು ಗ್ರಾಹಕರಿಗೆ ತೋರಿಸಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುವಂತೆ ತಾವು ಸೂಚಿಸಬೇಕು. ಹಣ ಪಡೆಯುವ ಬ್ಯಾಂಕು, ಬಂದ ವಿದೇಶಿ ಮೊತ್ತ, ಹಾಕಿದ ದರ, ಕಡಿತ ಮತ್ತು ತೆರಿಗೆಯನ್ನು ಬಿಡಿಬಿಡಿಯಾಗಿ ಕನ್ನಡದಲ್ಲೇ ಖಾತೆದಾರರಿಗೆ ತಿಳಿಸಬೇಕು.

ಇವುಗಳ ಮೇಲೆ ತಾವು ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದವರು)