ಹೇಳುವವರಿಗೆ ಹಗುರ, ಕೇಳುವವರಿಗೆ?

ಅಭ್ಯಾಸ ಪಾಠದ ತರಗತಿಯಲ್ಲಿ 'ಸ್ಟುಪಿಡ್', 'ಈಡಿಯಟ್', 'ನಾನ್‌ಸೆನ್ಸ್' ಎಂಬ ಮಾತುಗಳು ಪ್ರಶಿಕ್ಷಣಾರ್ಥಿಗಳ ಬಾಯಿಂದ ಸಲೀಸಾಗಿ ಬರುತ್ತವೆ. ಅದೇ ಅರ್ಥದ ಕನ್ನಡ ಮಾತನ್ನು ಮಕ್ಕಳಿಗೆ ಹೇಳಲು ಅವರೇ ಹಿಂಜರಿಯುತ್ತಾರೆ. ಕೇಳಿದರೆ "ಇಂಗ್ಲಿಷ್‌ನಲ್ಲಿ ಅಷ್ಟು ಕೆಟ್ಟದಾಗಿ ಕೇಳಿಸೋದಿಲ್ಲ ಸರ್" ಎನ್ನುತ್ತಾರೆ. ಈ ಮಾತು ನಿಜ. ಆದರೆ ಯಾರ ಕಿವಿಗೆ ನಿಜ ಎಂಬುದೇ ನನ್ನ ತಕರಾರು.

ತಾಯ್ನುಡಿಯ ಬೈಗುಳವನ್ನು ನಾವು ನಿಘಂಟಿನಿಂದ ಕಲಿತವರಲ್ಲ. ಅದು ಅಮ್ಮನ ಕೆಂಡದಂಥ ಕಣ್ಣು, ಅಪ್ಪನ ಏಟು, ಬೀದಿಯ ಜಗಳ, ಆಗ ಆದ ನಾಚಿಕೆ ಇವುಗಳ ಜೊತೆಗೇ ಮೈಗಿಳಿದಿರುತ್ತದೆ. ಎರಡನೆಯ ಭಾಷೆಯ ಬೈಗುಳ ಸಾಮಾನ್ಯವಾಗಿ ಸಿನಿಮಾದಿಂದಲೋ ಗೆಳೆಯರಿಂದಲೋ ಬರುತ್ತದೆ. ಅರ್ಥ ಬರುತ್ತದೆ, ಪೆಟ್ಟು ಬರುವುದಿಲ್ಲ. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ದೊಡ್ಡವರಾದ ಮೇಲೆ ಇಂಗ್ಲಿಷ್ ಕಲಿತ ಟರ್ಕಿ ಭಾಷಿಕರ ಬೆರಳುಗಳಿಗೆ ವಿದ್ಯುದ್ವಾರ ಅಂಟಿಸಿ ಇದನ್ನು ಅಳೆದರು. ಮನಸ್ಸು ಕಲಕಿದಾಗ ಚರ್ಮ ಸಣ್ಣಗೆ ಬೆವರುತ್ತದೆ, ಆಗ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಚಿಕ್ಕಂದಿನಲ್ಲಿ ಕೇಳಿದಂಥ ಗದರಿಕೆಯ ಮಾತುಗಳಿಗೆ ಮೈ ತಾಯ್ನುಡಿಯಲ್ಲಿ ಹೆಚ್ಚು ಪ್ರತಿಕ್ರಿಯಿಸಿತು, ಇಂಗ್ಲಿಷ್‌ನಲ್ಲಿ ಕಡಿಮೆ. ಆದರೆ ಮುಂದಿನ ವರ್ಷ ಹ್ಯಾರಿಸ್ ಅವರು ಸ್ಪ್ಯಾನಿಷ್ ಮನೆಮಾತಿನವರನ್ನು ಪರೀಕ್ಷಿಸಿದಾಗ, ಎಳವೆಯಲ್ಲೇ ಇಂಗ್ಲಿಷ್ ಕಲಿತವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಗುರತನ ಪದದಲ್ಲಿಲ್ಲ; ಅದನ್ನು ಎಂದು, ಎಲ್ಲಿ ಕಲಿತೆವು ಎಂಬುದರಲ್ಲಿದೆ.

ಶಿವನಿ ಸುತ್ತಿನ ಶಾಲೆಗಳಲ್ಲಿ ಇದು ಎರಡು ದಿಕ್ಕಿನಿಂದಲೂ ಎದುರಾಗುತ್ತದೆ. ಇಲ್ಲಿ ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಖೊ-ಖೊ ಆಡುವಾಗ ತಾಂಡಾದ ಆರನೆಯ ತರಗತಿಯ ಹುಡುಗನೊಬ್ಬ ಜೊತೆಯವನಿಗೆ "ಬೋಳಿಮಗನೆ" ಎಂದ. ಕನ್ನಡ ಮನೆಮಾತಿನ ಪ್ರಶಿಕ್ಷಣಾರ್ಥಿ ಬೆಚ್ಚಿಬಿದ್ದು ಅವನನ್ನು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಿದರು. ಅರ್ಥ ಕೇಳಿದರೆ, "ಔಟಾದ್ರೆ ಹಂಗಂತಾರೆ ಸರ್" ಎಂದ. ತಲೆ ಬೋಳಿಸಿದ ವಿಧವೆಯ ಮಗ ಎಂದು ತಾಯಿಯನ್ನೇ ಎಳೆದು ತರುವ ಬೈಗುಳ ಅದು ಎಂಬುದು ಅವನಿಗೆ ಗೊತ್ತಿರಲಿಲ್ಲ. "ನಿಮ್ಮ ಮಾತಿನಲ್ಲಿ ಇಂಥದ್ದನ್ನು ಅಮ್ಮನ ಮುಂದೆ ಅಂತೀಯಾ?" ಎಂದಾಗ ಮಾತ್ರ ತಲೆ ತಗ್ಗಿಸಿದ. ಅವನಿಗೆ ಬೇಕಾಗಿದ್ದದ್ದು ಶಿಕ್ಷೆಯಲ್ಲ, ಪದದ ತೂಕ. ಅದೇ ವಾರ ಅದೇ ಪ್ರಶಿಕ್ಷಣಾರ್ಥಿ ತರಗತಿಯಲ್ಲಿ 'ಸ್ಟುಪಿಡ್' ಎಂದದ್ದು ವೀಕ್ಷಣಾ ಪುಸ್ತಕದಲ್ಲಿ ಮೂರು ಸಲ ದಾಖಲಾಗಿತ್ತು. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ಅಪಾಯ ಇಲ್ಲೇ ಇರುವುದು. ಹೇಳುವವರು ತಮ್ಮ ಕಿವಿಯಲ್ಲಿ ತೂಗುತ್ತಾರೆ, ಪೆಟ್ಟು ಬೀಳುವುದು ಇನ್ನೊಬ್ಬರ ಕಿವಿಗೆ. ಕಲಿತ ಭಾಷೆಯಲ್ಲಿ ಅಂದಾಜು ಎರಡೂ ಕಡೆಗೆ ತಪ್ಪಬಹುದು. ಜಾನ್-ಮಾರ್ಕ್ ಡೆವೇಲ್ ಅವರ 2016ರ ಅಧ್ಯಯನದಲ್ಲಿ ಇಂಗ್ಲಿಷನ್ನು ಆಮೇಲೆ ಕಲಿತವರು ಹೆಚ್ಚಿನ ಪದಗಳನ್ನು ಇರುವುದಕ್ಕಿಂತ ಕಟುವೆಂದೇ ಎಣಿಸಿದ್ದರು. ಆದರೆ ಪಟ್ಟಿಯ ಅತಿ ಕಟುವಾದ ಪದದಲ್ಲಿ ಹಾಗಾಗಲಿಲ್ಲ. ನಮ್ಮ 'ಮುಂಡೇದೆ'ಯನ್ನೇ ನೋಡಿ. ಅಜ್ಜಿ ಮೊಮ್ಮಗನಿಗೆ ಅಂದರೆ ಮುದ್ದು, ಹೊಸಬರು ಅಂದರೆ ಜಗಳ. ಈ ಗೆರೆಯನ್ನು ಪುಸ್ತಕದಿಂದ ಕಲಿಯಲಾಗದು.

ಹಾಗಾಗಿ "ಇಂಗ್ಲಿಷ್‌ನಲ್ಲಿ ಬೈದರೆ ಪರವಾಗಿಲ್ಲ" ಎಂಬ ಸಮಜಾಯಿಷಿಯನ್ನು ನಾವು ಒಪ್ಪಬಾರದು. ಮಗುವಿಗೆ 'ಸ್ಟುಪಿಡ್' ಎಂಬುದು ಮೇಷ್ಟ್ರ ಸಿಟ್ಟಿನ ಮುಖದ ಜೊತೆಗೇ ಮೊದಲು ಕೇಳಿಸಿದರೆ, ಅದು ಆ ಮುಖದ ಜೊತೆಗೇ ಮೈಗಿಳಿಯುತ್ತದೆ. ಶಿಕ್ಷಣ ಹಕ್ಕು ಕಾಯಿದೆ, 2009ರ 17ನೆಯ ಪ್ರಕರಣ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಯಾವ ಭಾಷೆಯಲ್ಲಿ ಎಂದು ಅದು ಕೇಳುವುದಿಲ್ಲ.

ನನ್ನ ಸಲಹೆ ಇಷ್ಟೆ. ವೀಕ್ಷಕರು ಗದರಿಕೆಯ ಮಾತನ್ನು 'ಗದರಿದರು' ಎಂದಷ್ಟೇ ಬರೆಯದೆ, ಆಡಿದ ಪದದಲ್ಲೇ ಬರೆದುಕೊಳ್ಳಲಿ. ಪಾಠದ ನಂತರದ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಅದನ್ನು ತಮ್ಮ ಮನೆಮಾತಿಗೆ ತಿರುಗಿಸಿ ಗಟ್ಟಿಯಾಗಿ ಹೇಳಲಿ. ನಾಲಿಗೆ ತಡವರಿಸಿದರೆ ಆ ಪದ ತರಗತಿಗೆ ಬೇಡ. ಈ ಪರೀಕ್ಷೆಗೂ ಮಿತಿಯಿದೆ: ಅದು ಹೇಳುವವರ ತೂಕವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಮಗುವಿನ ಮನೆಯಲ್ಲಿ ಯಾವ ಮಾತು, ಕನ್ನಡ ಅದಕ್ಕೆ ಎಂದಿನಿಂದ ಪರಿಚಯ ಎಂಬುದನ್ನು ಅಭ್ಯಾಸ ಪಾಠದ ಮೊದಲ ವಾರದಲ್ಲೇ ತಿಳಿದುಕೊಂಡಿರಬೇಕು. ಅಂಗನವಾಡಿಯಿಂದಲೇ ಕನ್ನಡ ಕೇಳುತ್ತ ಬಂದ ತಾಂಡಾದ ಮಗುವಿಗೆ ನಮ್ಮ ಕನ್ನಡದ ಗದರಿಕೆ ಹಗುರವಾಗಿರುತ್ತದೆಂದು ಎಣಿಸಲು ಯಾವ ಆಧಾರವೂ ಇಲ್ಲ.