ವಾರಕ್ಕೆ ಎರಡು ದಿನದ ಓಟಕ್ಕೆ ಗಾಡಿ ಬೇಕಾ?

ರೂಮಿನಲ್ಲಿ ಯಾರಿಗಾದರೂ ದುಬೈ ಲೈಸೆನ್ಸ್ ಸಿಕ್ಕಿತೆಂದರೆ ಮರುದಿನವೇ ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: "ಗಾಡಿ ಯಾವಾಗ?" ಸಾವಿರಾರು ದಿರ್ಹಮ್ ಸುರಿದು, ಎರಡು-ಮೂರು ಸಲ ಫೇಲ್ ಆಗಿ ಪಡೆದ ಲೈಸೆನ್ಸ್ ಸುಮ್ಮನೆ ಪರ್ಸಿನಲ್ಲಿ ಇರಬಾರದು ಅನ್ನಿಸುವುದು ಸಹಜ. ಆದರೆ ಕೆಲಸಕ್ಕೆ ಕಂಪೆನಿ ಬಸ್ಸಿನಲ್ಲೇ ಹೋಗಿ ಬರುವವರು, ವಾರಕ್ಕೆ ಎರಡೇ ಸಲ ಹೊರಗೆ ಹೋಗುವವರು ಗಾಡಿ ತೆಗೆಯುವುದು ಹೆಚ್ಚಿನ ಸಂದರ್ಭದಲ್ಲಿ ನಷ್ಟವೇ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಒಬ್ಬ ಗೆಳೆಯರ ಲೆಕ್ಕವನ್ನೇ ನೋಡೋಣ. ಇರುವುದು ಖಿಸೈಸ್‌ನಲ್ಲಿ. ಶುಕ್ರವಾರ ಸಂಜೆ ಮತ್ತು ಭಾನುವಾರ ಕರಾಮಕ್ಕೆ ಹೋಗಿ ಬರುತ್ತಾರೆ. 24,000 ದಿರ್ಹಮ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದರು. ನಾಲ್ಕು ವರ್ಷ ಬಿಟ್ಟು ಮಾರಿದರೆ 10,000 ಬಂದೀತು. ಅಂದರೆ ತಿಂಗಳಿಗೆ ಸುಮಾರು 290 ದಿರ್ಹಮ್ ಅಲ್ಲೇ ಕರಗುತ್ತದೆ. ಇನ್ಶೂರೆನ್ಸ್, ಮುಲ್ಕಿಯಾ, ಟೆಸ್ಟಿಂಗ್, ಸರ್ವಿಸ್, ಟಯರ್, ಬ್ಯಾಟರಿ ಎಲ್ಲ ಸೇರಿ ವರ್ಷಕ್ಕೆ 4,000ದ ಹತ್ತಿರ, ತಿಂಗಳಿಗೆ 340. ಬಿಲ್ಡಿಂಗಿನ ಪಾರ್ಕಿಂಗ್ 300. ಸಾಲದ ಮೇಲೆ ಬ್ಯಾಂಕಿಗೆ ಹೆಚ್ಚುವರಿಯಾಗಿ ಕೊಡುವುದು 70. ಒಟ್ಟು 1,000 ದಿರ್ಹಮ್. ಇದು ಗಾಡಿ ಕದಲದೇ ನಿಂತಲ್ಲೇ ನಿಂತರೂ ಹೋಗುವ ದುಡ್ಡು.

ಅದೇ ಕರಾಮಕ್ಕೆ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆದರೆ ಸಾಲಿಕ್ ಸೇರಿ ಹೋಗಿ ಬರಲು ಸುಮಾರು 80 ದಿರ್ಹಮ್. ತಿಂಗಳಿಗೆ ಒಂಬತ್ತು ಸಲ ಎಂದರೂ 720. ಸ್ವಂತ ಗಾಡಿಯಲ್ಲಿ ಪೆಟ್ರೋಲ್, ಸಾಲಿಕ್, ಅಲ್ಲಿನ ಪಾರ್ಕಿಂಗ್ ಸೇರಿ ಒಂದು ಓಟಕ್ಕೆ 25 ಹಿಡಿದರೆ ಒಂಬತ್ತು ಓಟಕ್ಕೆ 225, ನಿಂತ ಖರ್ಚು 1,000, ಒಟ್ಟು 1,225. ತಿಂಗಳಿಗೆ 500 ದಿರ್ಹಮ್ ಹೆಚ್ಚು. ವರ್ಷಕ್ಕೆ 6,000. ಊರಲ್ಲಿ ಮನೆ ಕಟ್ಟುವವನಿಗೆ ಅದು ಸಣ್ಣ ಮೊತ್ತವಲ್ಲ.

ಹಾಗಾದರೆ ಗಾಡಿ ಯಾವಾಗ ಲಾಭ? ಕರಾಮದ ಪ್ರತಿ ಓಟಕ್ಕೆ ಗಾಡಿಯಿಂದ ಉಳಿಯುವುದು 55 ದಿರ್ಹಮ್. 1,000 ತುಂಬಬೇಕಾದರೆ ತಿಂಗಳಿಗೆ 18 ಸಲ, ಅಂದರೆ ವಾರಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಓಡಬೇಕು. ಆದರೆ ಎರಡೂ ದಿನ ಹೆಂಡತಿ ಮಕ್ಕಳೊಂದಿಗೆ ಅಜ್ಮಾನಿಗೆ ಹೋಗುವವರ ಲೆಕ್ಕ ಬೇರೆ. ಎಮಿರೇಟ್ ದಾಟುವ ಟ್ಯಾಕ್ಸಿಗೆ ಹೆಚ್ಚುವರಿ ಚಾರ್ಜ್ ಬೀಳುತ್ತದೆ. ಹೋಗಿ ಬರಲು 150 ಆಯಿತೆಂದರೆ ವಾರಕ್ಕೆ ಎರಡೇ ಓಟದಲ್ಲಿ ಗಾಡಿಯ ಖರ್ಚು ಸರಿಹೋಗುತ್ತದೆ. ನಾಲ್ಕು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಡ್ಡಾಯ, ಎಲ್ಲ ಟ್ಯಾಕ್ಸಿಯಲ್ಲೂ ಅದು ಸಿಗುವುದಿಲ್ಲ. ಅಂಥವರು ಗಾಡಿ ತೆಗೆದರೆ ನಾವು ಬೇಡ ಅನ್ನುವುದಿಲ್ಲ. ಒಬ್ಬರೇ ಅಜ್ಮಾನಿಗೆ ಹೋಗುವುದಾದರೆ ಬಸ್ಸೇ ಸಾಕು.

ದುಡ್ಡಿಗಿಂತ ದೊಡ್ಡ ಚಿಂತೆ ಸಾಲದ್ದು. ಇಲ್ಲಿ ಗಾಡಿ ಬೆಲೆಯ ಶೇ. 80ರವರೆಗೆ, ಐದು ವರ್ಷದ ಅವಧಿಗೆ ಬ್ಯಾಂಕ್ ಸಾಲ ಕೊಡುತ್ತದೆ. ಬಡ್ಡಿ ಬೇಡವೆಂದು ಮುರಾಬಹಾಕ್ಕೆ ಹೋದರೂ ಕಂತು ಕಂತೇ. ಮಧ್ಯದಲ್ಲಿ ಕೆಲಸ ಹೋದರೆ ಏನು ಗತಿ? ಅವಸರಕ್ಕೆ ಮಾರುವ ಗಾಡಿಗೆ ಬೆಲೆ ಬರುವುದಿಲ್ಲ. ಸಾಲ ತೀರಿಸದೆ ಗಾಡಿ ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲ. ಕೊನೆಗೆ ಗ್ರಾಚ್ಯುಟಿಯ ದುಡ್ಡು ಅಲ್ಲಿಗೇ ಹೋಗುತ್ತದೆ. ಊರಿಗೆ ಹೋಗಬೇಕಾದವನು ಒಂದು ಕಾರಿಗಾಗಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಕಂತು ಭಾರವಾದಾಗ ಕೆಲವರು "ಕಾರ್ ಲಿಫ್ಟ್" ಶುರು ಮಾಡುತ್ತಾರೆ. ಪರ್ಮಿಟ್ ಇಲ್ಲದೆ ದುಡ್ಡು ತೆಗೆದುಕೊಂಡು ಜನ ಕರೆದೊಯ್ಯುವುದು ಇಲ್ಲಿ ಅಪರಾಧ. ಸಿಕ್ಕಿಬಿದ್ದರೆ ದೊಡ್ಡ ದಂಡ, ಗಾಡಿಯೂ ಜಪ್ತಿ. ಆ ದಾರಿಗೆ ಹೋಗಲೇಬೇಡಿ.

ಇನ್ನು ವಾರದಲ್ಲಿ ಐದು ದಿನ ಬಿಸಿಲಿಗೆ ನಿಂತ ಗಾಡಿ ಬೇಗ ಹಾಳಾಗುತ್ತದೆ. ಈ ಬೇಸಿಗೆಯಲ್ಲಿ ಬ್ಯಾಟರಿ ಎರಡು ವರ್ಷ ಬಂದರೆ ಪುಣ್ಯ. ಕೀ ತಿರುಗಿಸಿದಾಗ ಇಂಜಿನ್ ನಿಧಾನವಾಗಿ ಗುರ್‌ಗುಟ್ಟಿದರೆ, ಲೈಟ್ ಮಂಕಾದರೆ, ಬ್ಯಾಟರಿ ಹೋಗುವ ಹೊತ್ತು ಬಂತೆಂದು ತಿಳಿಯಿರಿ. ಧೂಳು ಮೆತ್ತಿಕೊಂಡು ಬಹಳ ದಿನ ನಿಂತರೆ ಮುನ್ಸಿಪಾಲಿಟಿ ನೋಟಿಸ್ ಅಂಟಿಸುತ್ತದೆ.

ಟ್ಯಾಕ್ಸಿಗೂ ತೊಂದರೆ ಇದೆ. ಮಳೆ ಬಂದ ದಿನ, ಇಫ್ತಾರ್‌ಗೆ ಮುಂಚೆ, ಪೆರ್ನಾಲ್ ರಾತ್ರಿ ಗಾಡಿ ಸಿಗುವುದೇ ಕಷ್ಟ. ಅಂಥ ದಿನ ಒಂದು ಗಂಟೆ ಮೊದಲೇ ಹೊರಡಿ, ಇಲ್ಲವೇ ಮೆಟ್ರೋ ಹಿಡಿಯಿರಿ. ಆ್ಯಪ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ದುಬಾರಿ ಕಾರುಗಳೇ ಆಗಿರಬಹುದು. ಮೀಟರ್‌ನಲ್ಲಿ ಓಡುವ ಸಾದಾ ಟ್ಯಾಕ್ಸಿಯನ್ನು ಹುಡುಕಿ ಒತ್ತಿರಿ. ವರ್ಷಕ್ಕೆ ನಾಲ್ಕು ಸಲ ದೂರ ಹೋಗಬೇಕೆಂದರೆ ಎರಡು ದಿನಕ್ಕೆ ರೆಂಟ್ ಎ ಕಾರ್ ತೆಗೆಯಿರಿ. ಪಡೆದ ಲೈಸೆನ್ಸ್ ಆಗಲೂ ಉಪಯೋಗಕ್ಕೆ ಬರುತ್ತದೆ.

ಗಾಡಿ ನೋಡಲು ಹೋಗುವ ಮೊದಲು ಮೂರು ತಿಂಗಳು ಎಲ್ಲೆಲ್ಲಿಗೆ ಹೋದಿರಿ, ಟ್ಯಾಕ್ಸಿಗೆ ಎಷ್ಟಾಯಿತು ಎಂದು ಬರೆದಿಡಿ. ತಿಂಗಳಿಗೆ ಸಾವಿರ ದಾಟದಿದ್ದರೆ ಗಾಡಿಯ ಆಸೆಯನ್ನು ಸದ್ಯಕ್ಕೆ ಬದಿಗಿಡಿ.